ಜಾಮೀನಿನ ಸಹಿ: ಸಂಬಂಧಿಕರ ಸಾಲಕ್ಕೆ ನಾವು ಹೊರುವ ಹೊರೆ

ಬ್ಯಾಂಕಿನಲ್ಲಿ ಜಾಮೀನು ಹಾಕುವ ದಿನ ನಡೆಯುವುದೆಲ್ಲ ಸುಮಾರು ಹದಿನೈದು ನಿಮಿಷದ ಕೆಲಸ. ಗುಮಾಸ್ತರು ಅಚ್ಚಾದ ಹಾಳೆಗಳ ಕಟ್ಟೊಂದನ್ನು ಮುಂದಿಟ್ಟು, ಪೆನ್ಸಿಲಿನಿಂದ ಗುರುತು ಮಾಡಿದ ಜಾಗಗಳಲ್ಲಿ ಸಹಿ ಹಾಕಲು ಹೇಳುತ್ತಾರೆ. ಪಕ್ಕದಲ್ಲಿ ಕುಳಿತ ಸಂಬಂಧಿಕರು "ಸುಮ್ಮನೆ ಫಾರ್ಮಾಲಿಟಿ ಅಷ್ಟೇ" ಎನ್ನುತ್ತಾರೆ. ಓದುತ್ತ ಕುಳಿತರೆ ನಂಬಿಕೆ ಇಲ್ಲವೆಂದು ಭಾವಿಸುತ್ತಾರೋ ಎಂಬ ಸಂಕೋಚದಲ್ಲಿ ನಾವೂ ಓದದೆ ಸಹಿ ಹಾಕುತ್ತೇವೆ. ಕೊಡಗಿನಲ್ಲಿ ಈ ಸಂಕೋಚ ತುಸು ಹೆಚ್ಚೇ ಎಂದು ನನಗೆ ಅನಿಸುತ್ತದೆ. ಮದುವೆ, ಸಾವು, ಕಾಫಿ ಕೊಯ್ಲು ಎಲ್ಲದಕ್ಕೂ ಅದೇ ನಾಲ್ಕಾರು ಮನೆಯವರು ಒಬ್ಬರಿಗೊಬ್ಬರು ಆಗಬೇಕಾದ ಊರುಗಳಲ್ಲಿ, ಒಂದು ಸಹಿಯನ್ನು ನಿರಾಕರಿಸುವುದೆಂದರೆ ಇಡೀ ನಂಟನ್ನೇ ನಿರಾಕರಿಸಿದಂತೆ ಕಾಣುತ್ತದೆ.

ಆ ಹಾಳೆಗಳಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ನೋಡೋಣ. ಜಾಮೀನು ನಮ್ಮ ದೇಶದಲ್ಲಿ 1872ರ ಭಾರತೀಯ ಕರಾರು ಕಾಯ್ದೆಯ ಅಡಿಯಲ್ಲಿ ಬರುವ ಒಪ್ಪಂದ. ಅದರ 128ನೇ ಕಲಮು ಒಂದೇ ವಾಕ್ಯದ್ದು. ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ ಎಂಬುದು ಅದರ ತಾತ್ಪರ್ಯ. ಅಸಲು, ಬಡ್ಡಿ, ದಂಡ, ವಸೂಲಿ ಖರ್ಚು ಎಲ್ಲವೂ ಅದರೊಳಗೆ ಬರುತ್ತವೆ. ಸಾಲಗಾರನ ಆಸ್ತಿಯನ್ನೆಲ್ಲ ಮುಗಿಸಿ, ಉಳಿದದ್ದಕ್ಕೆ ಮಾತ್ರ ಜಾಮೀನುದಾರನ ಬಳಿ ಬರುತ್ತಾರೆ ಎಂದು ಬಹುಪಾಲು ಜನ ನಂಬಿದ್ದಾರೆ. ಅದು ತಪ್ಪು. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯವು, ಬ್ಯಾಂಕು ಮೊದಲು ಸಾಲಗಾರನಿಂದ ವಸೂಲಿಗೆ ಪ್ರಯತ್ನಿಸಿ, ಆಮೇಲೆ ಜಾಮೀನುದಾರನ ಮೇಲೆ ಹೋಗಬೇಕೆಂದು ಷರತ್ತು ಹಾಕಿತ್ತು. ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. 1969ರಲ್ಲಿ ವರದಿಯಾದ ಆ ತೀರ್ಪಿನ ತರ್ಕ ನೇರವಾಗಿದೆ: ಮೊದಲು ಅವನನ್ನು ಹಿಡಿಯಿರಿ ಎಂದು ಹೇಳುವುದಾದರೆ ಜಾಮೀನು ತೆಗೆದುಕೊಂಡ ಉದ್ದೇಶವೇ ಸೋಲುತ್ತದೆ. ಸಾಲಗಾರನನ್ನು ಬಿಟ್ಟು ನೇರವಾಗಿ ನಮ್ಮ ಮನೆ ಬಾಗಿಲಿಗೆ ಬರುವ ಹಕ್ಕು ಬ್ಯಾಂಕಿಗೆ ಇದೆ. ಆ ಹಕ್ಕನ್ನು ಕೊಟ್ಟವರು ನಾವೇ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಸೋಮವಾರಪೇಟೆ ಕಡೆಯ ಒಬ್ಬ ಮೇಷ್ಟ್ರ ಉದಾಹರಣೆ ಕೊಡುತ್ತೇನೆ. ಹೆಸರು ಬೇಡ, ಅಂಕಿಗಳನ್ನು ತುಸು ದುಂಡಗೆ ಮಾಡಿದ್ದೇನೆ. ಅವರ ಅಕ್ಕನ ಗಂಡ ತೋಟದ ಅಂಚಿನಲ್ಲಿ ಮೂರು ಕೋಣೆಯ ಹೋಂಸ್ಟೇ ಕಟ್ಟಲು ಹೊರಟರು. ಜಾಗ ಜಮ್ಮಾ ಬಾಣೆ, ಎಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಪಹಣಿಯಲ್ಲಿ ಇದ್ದದ್ದು ಪಟ್ಟೇದಾರರಾದ ದೊಡ್ಡಪ್ಪನ ಹೆಸರು, ಕುಟುಂಬದ ಹಲವರಿಗೆ ಅದರಲ್ಲಿ ಹಕ್ಕು. ಹೀಗಾಗಿ ಆ ಜಾಗವನ್ನು ಅಡಮಾನಕ್ಕೆ ಇಡಲು ಆಗಲಿಲ್ಲ. ಕೊಡಗಿನಲ್ಲಿ ಜಾಮೀನಿನ ಬೇಡಿಕೆ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ: ಭೂಮಿ ಇದ್ದರೂ ಒಬ್ಬನ ಹೆಸರಿನಲ್ಲಿ ಸ್ಪಷ್ಟವಾಗಿ ಇರುವುದಿಲ್ಲ, ಆಗ ಬ್ಯಾಂಕು ಭೂಮಿಯ ಬದಲು ಮನುಷ್ಯರನ್ನು ಕೇಳುತ್ತದೆ. ಬ್ಯಾಂಕು ಇಬ್ಬರು ಜಾಮೀನುದಾರರನ್ನು ಕೇಳಿತು. ಒಬ್ಬರು ಮೇಷ್ಟ್ರು, ತಿಂಗಳ ಸಂಬಳ ₹58,000. ಇನ್ನೊಬ್ಬರು ಭಾವನ ಸ್ನೇಹಿತ, ಎಂಟು ಎಕರೆ ಕಾಫಿ ತೋಟದವರು, ಆದರೆ ತೋಟ ಕುಟುಂಬದಲ್ಲಿ ಪಾಲಾಗಿರಲಿಲ್ಲ.

ಸಾಲ ₹12 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 13, ಅವಧಿ ಏಳು ವರ್ಷ. ತಿಂಗಳ ಕಂತು ಸುಮಾರು ₹21,830. ಭಾವ ಪ್ರಾಮಾಣಿಕರು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಜಾಮೀನಿನಿಂದ ಕೆಡುವುದು ಮೋಸಗಾರರ ಕಾರಣದಿಂದ ಎಂದು ನಾವು ಅಂದುಕೊಳ್ಳುತ್ತೇವೆ. ಅವರು ಇಪ್ಪತ್ತು ಕಂತುಗಳನ್ನು ಸರಿಯಾಗಿ ಕಟ್ಟಿದರು. ತೊಂದರೆ ಇದ್ದದ್ದು ಲೆಕ್ಕದಲ್ಲಿ. ಹೋಂಸ್ಟೇಗೆ ಜನ ಬರುವುದು ರಜೆಯ ದಿನಗಳಲ್ಲಿ, ಚಳಿಗಾಲದಲ್ಲಿ. ಜೂನ್‌ನಿಂದ ಮಳೆ ಹಿಡಿದ ಮೇಲೆ ಕೋಣೆಗಳು ಖಾಲಿ. 2018ರ ಆಗಸ್ಟ್‌ನ ಭೂಕುಸಿತದ ಸಮಯದಲ್ಲಿ ಜಿಲ್ಲಾಡಳಿತವೇ ಪ್ರವಾಸಿಗರು ಬರುವುದನ್ನು ಕೆಲಕಾಲ ತಡೆದದ್ದು ಇಲ್ಲಿನವರಿಗೆಲ್ಲ ನೆನಪಿದೆ. ಕಾಫಿಯ ಹಣವೂ ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಬರುವಂಥದ್ದು. ಆದರೆ ಕಂತು ತಿಂಗಳು ತಿಂಗಳು ಬರುತ್ತದೆ. ಎರಡನೆಯ ಮಳೆಗಾಲದಲ್ಲಿ ಭಾವನ ಕೈ ಖಾಲಿಯಾಯಿತು.

ಆಗ ಎಷ್ಟು ಬಾಕಿ ಇತ್ತು ಎಂಬುದನ್ನು ಗಮನಿಸಿ. ಇಪ್ಪತ್ತು ತಿಂಗಳಲ್ಲಿ ಅವರು ಕಟ್ಟಿದ್ದು ₹4,36,600. ಅದರಲ್ಲಿ ಅಸಲಿಗೆ ಹೋದದ್ದು ₹1.96 ಲಕ್ಷ ಮಾತ್ರ, ಉಳಿದದ್ದು ಬಡ್ಡಿ. ಬಾಕಿ ₹10.04 ಲಕ್ಷ. ಮುಂದಿನ ಹದಿನಾಲ್ಕು ತಿಂಗಳು ಏನೂ ಕಟ್ಟಲಿಲ್ಲ. ಬಡ್ಡಿ ಸೇರಿ ಅದು ₹11.67 ಲಕ್ಷಕ್ಕೆ ಏರಿತು, ದಂಡದ ಮೊತ್ತ ಬೇರೆ. ಎಂದರೆ ಸಾಲ ತೆಗೆದು ಸುಮಾರು ಮೂರು ವರ್ಷವಾದ ಮೇಲೆ, ನಾಲ್ಕು ಲಕ್ಷಕ್ಕೂ ಹೆಚ್ಚು ಹಣ ಕಟ್ಟಿಯೂ, ಸಾಲ ಹೆಚ್ಚುಕಡಿಮೆ ಹೊರಟ ಜಾಗದಲ್ಲೇ ನಿಂತಿತ್ತು. "ಅರ್ಧ ತೀರಿದ ಮೇಲೆ ಜಾಮೀನಿನ ಭಯ ಇರುವುದಿಲ್ಲ" ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕೂತು ಹಾಕಬೇಕು.

ನೋಟೀಸು ಇಬ್ಬರು ಜಾಮೀನುದಾರರಿಗೂ ಬಂತು. ಆದರೆ ಒತ್ತಡ ಬಿದ್ದದ್ದು ಮೇಷ್ಟ್ರ ಮೇಲೆ. ಇದರಲ್ಲಿ ಯಾರ ದ್ವೇಷವೂ ಇಲ್ಲ. ಪಾಲಾಗದ ತೋಟದಲ್ಲಿ ಒಬ್ಬನ ಭಾಗವನ್ನು ಜಪ್ತಿ ಮಾಡಿ ಹರಾಜಿಗೆ ತರುವುದು ವರ್ಷಗಟ್ಟಲೆಯ ಕೆಲಸ. ಸರ್ಕಾರಿ ಸಂಬಳ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಖಾತೆಗೆ ಬರುತ್ತದೆ. ಬ್ಯಾಂಕಿಗೆ ಸುಲಭವಾದ ದಾರಿ ಯಾವುದು ಎಂದು ಹೇಳಬೇಕಾಗಿಲ್ಲ. ಇಬ್ಬರು ಜಾಮೀನುದಾರರಿದ್ದರೆ ಹೊಣೆ ಅರ್ಧರ್ಧ ಎಂಬ ತಿಳಿವಳಿಕೆ ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ಪೂರ್ತಿ ಮೊತ್ತವನ್ನು ಒಬ್ಬರಿಂದಲೇ ಕೇಳಬಹುದು. ಸಮಪಾಲಿನ ಮಾತು ಬರುವುದು ಕಾಯ್ದೆಯ 146ನೇ ಕಲಮಿನಲ್ಲಿ, ಅದೂ ಜಾಮೀನುದಾರರ ನಡುವೆ ಮಾತ್ರ. ಕಟ್ಟಿದವರು ಆಮೇಲೆ ಇನ್ನೊಬ್ಬರಿಂದ ಅರ್ಧ ಕೇಳಿ ಪಡೆಯಬೇಕು. ಆದ್ದರಿಂದ ಸಂಬಳದಾರರು ಜಾಮೀನು ಹಾಕುವಾಗ "ಇನ್ನೊಬ್ಬರೂ ಇದ್ದಾರಲ್ಲ" ಎಂದು ಧೈರ್ಯ ತಂದುಕೊಳ್ಳುವುದಕ್ಕೆ ಆಧಾರವಿಲ್ಲ. ವಸೂಲಿಯ ಸಾಲಿನಲ್ಲಿ ಮೊದಲು ನಿಲ್ಲುವವರು ಅವರೇ.

ಬ್ಯಾಂಕು ಏನು ಮಾಡಬಹುದು, ಏನು ಮಾಡಲಾಗದು ಎಂಬುದನ್ನೂ ಸರಿಯಾಗಿ ತಿಳಿದಿರಬೇಕು, ಏಕೆಂದರೆ ಭಯದಲ್ಲಿ ಜನ ಎರಡನ್ನೂ ಬೆರೆಸುತ್ತಾರೆ. ಮೇಷ್ಟ್ರು ಕೊಟ್ಟಿದ್ದು ಸಹಿ ಮಾತ್ರ, ಮನೆಯ ಪತ್ರ ಇಟ್ಟಿರಲಿಲ್ಲ. ಅಡಮಾನ ಇಡದ ಮನೆಯನ್ನು 2002ರ ಸರ್ಫೇಸಿ ಕಾಯ್ದೆಯಡಿ, ನ್ಯಾಯಾಲಯಕ್ಕೆ ಹೋಗದೆ, ಬ್ಯಾಂಕು ವಶಪಡಿಸಿಕೊಳ್ಳಲು ಬರುವುದಿಲ್ಲ. ಬರೀ ಸಹಿಗೂ ಪತ್ರ ಇಟ್ಟು ಹಾಕುವ ಜಾಮೀನಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಸಹಿ ಮಾತ್ರ ಇದ್ದಾಗ ಬ್ಯಾಂಕು ದಾವೆ ಹೂಡಿ ಡಿಕ್ರಿ ಪಡೆಯಬೇಕು. ಡಿಕ್ರಿ ಬಂದ ಮೇಲೆ ಸಂಬಳದ ಜಪ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಮಿತಿ ಇದೆ: ಮೊದಲ ₹1,000 ಬಿಟ್ಟು, ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಮೇಷ್ಟ್ರ ಇಡೀ ಸಂಬಳವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತಿಂಗಳಿಗೆ ₹19,000 ಜಪ್ತಿಯಾಗಬಹುದಿತ್ತು. ಒಂದೇ ಡಿಕ್ರಿಗೆ ಅದು ಒಟ್ಟು 24 ತಿಂಗಳು ಮಾತ್ರ. ಆದರೆ ಈ ರಕ್ಷಣೆಯನ್ನು ನೆಚ್ಚಿ ಕೂರುವಂತಿಲ್ಲ. ಸಹಕಾರ ಸಂಘಗಳಲ್ಲಿ ಜಾಮೀನಿನ ಜೊತೆಗೆ ಸಂಬಳದಿಂದ ಕಡಿತಕ್ಕೆ ಒಪ್ಪಿಗೆ ಪತ್ರವನ್ನೂ ಬರೆಸಿಕೊಳ್ಳುವುದುಂಟು. ಅಂಥ ಪತ್ರ ಕೊಟ್ಟಿದ್ದರೆ ಡಿಕ್ರಿಗೆ ಮೊದಲೇ ಕಡಿತ ಶುರುವಾಗುತ್ತದೆ. ಅದೇ ಬ್ಯಾಂಕಿನಲ್ಲಿ ನಮ್ಮ ಠೇವಣಿ ಇದ್ದರೆ, ಅದನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುವ ಅಧಿಕಾರವನ್ನೂ ಸಾಮಾನ್ಯವಾಗಿ ಆ ಅಚ್ಚಾದ ಹಾಳೆಗಳಲ್ಲೇ ಬರೆದಿರುತ್ತಾರೆ. ಮೇಷ್ಟ್ರಿಗೆ ಆದದ್ದು ಹಾಗೆ. ಮಗಳ ಓದಿಗೆಂದು ಇಟ್ಟಿದ್ದ ₹3 ಲಕ್ಷದ ಠೇವಣಿ ಒಂದು ಮಧ್ಯಾಹ್ನ ಸಾಲದ ಖಾತೆಗೆ ಹೋಯಿತು. ಅವರಿಗೆ ತಿಳಿದದ್ದು ಮೊಬೈಲಿಗೆ ಬಂದ ಸಂದೇಶದಿಂದ.

ಉಳಿದದ್ದಕ್ಕೆ ಅವರು ದಾವೆಯವರೆಗೆ ಹೋಗಲಿಲ್ಲ. ನೌಕರರ ಸಂಘದಲ್ಲಿ ಸಾಲ ಎತ್ತಿ, ₹7.5 ಲಕ್ಷಕ್ಕೆ ಒಂದೇ ಬಾರಿಯ ರಾಜಿ ಮಾಡಿಕೊಂಡರು. ಒಟ್ಟು ಅವರ ಕೈಯಿಂದ ಹೋದದ್ದು ₹10.5 ಲಕ್ಷ. ಇನ್ನೊಬ್ಬ ಜಾಮೀನುದಾರರು ಕೊಡಬೇಕಾದ ಪಾಲು ₹5.25 ಲಕ್ಷ, ಕಾಫಿ ಮಾರಿದ ಮೇಲೆ ಒಂದು ಲಕ್ಷ ಕೊಟ್ಟಿದ್ದಾರೆ. ಭಾವನ ಮೇಲೆ ವಸೂಲಿ ದಾವೆ ಹೂಡುವ ಹಕ್ಕು ಮೇಷ್ಟ್ರಿಗೆ ಇತ್ತು, ಹಣ ಕಟ್ಟಿದ ದಿನದಿಂದ ಮೂರು ವರ್ಷದೊಳಗೆ. ಅಕ್ಕನ ಗಂಡನ ಮೇಲೆ ದಾವೆ ಹೂಡುವವರು ಎಷ್ಟು ಜನ? ಪೂರ್ತಿ ಹಣ ಕಟ್ಟಿದ ಜಾಮೀನುದಾರನಿಗೆ, ಬ್ಯಾಂಕು ಹಿಡಿದಿದ್ದ ಅಡಮಾನದ ಮೇಲಿನ ಹಕ್ಕೂ ಬರುತ್ತದೆ ಎಂದು ಕಾಯ್ದೆ ಹೇಳುತ್ತದೆ. ಇಲ್ಲಿ ಅಡಮಾನವೇ ಇರಲಿಲ್ಲ. ಹೀಗಾಗಿ, "ಈ ಸಾಲಕ್ಕೆ ನಮ್ಮ ಸಹಿ ಬಿಟ್ಟರೆ ಬೇರೆ ಭದ್ರತೆ ಏನಿದೆ?" ಎಂಬುದು ಸಹಿಗೆ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ. ಏನೂ ಇಲ್ಲವೆಂದರೆ, ಸಾಲ ಹೋಗುತ್ತಿರುವುದು ನಮ್ಮ ಹೆಸರಿನ ಮೇಲೆ.

ಈಗಾಗಲೇ ಸಹಿ ಹಾಕಿರುವವರಿಗೆ ಎರಡು ಮಾತು. ಕಂತು ತಪ್ಪಿದ ಸಂದೇಶ ಸಾಮಾನ್ಯವಾಗಿ ಸಾಲಗಾರನ ಮೊಬೈಲಿಗೆ ಹೋಗುತ್ತದೆ, ನಮಗಲ್ಲ. ತಿಂಗಳ ಕಂತಿನ ಸಾಲದಲ್ಲಿ 90 ದಿನ ಸುಸ್ತಿಯಾದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ನಮಗೆ ನೋಟೀಸು ಬರುವುದು ಬಹಳ ಸಲ ಅದಾದ ಮೇಲೆ. ಆದರೆ ನಾವು ಜಾಮೀನು ಹಾಕಿದ ಸಾಲ ನಮ್ಮ ಸಿಬಿಲ್ ವರದಿಯಲ್ಲೂ ಜಾಮೀನುದಾರ ಎಂಬ ಗುರುತಿನೊಂದಿಗೆ ಕಾಣಿಸುತ್ತದೆ, ಮತ್ತು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಲು ಅವಕಾಶವಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದನ್ನು ತೆಗೆಸಿ ನೋಡಿದರೆ, ಸಂಬಂಧಿಕರನ್ನು ಕೇಳಿ ಮುಜುಗರ ಪಡಿಸದೆಯೇ ಸುಸ್ತಿ ಗೊತ್ತಾಗುತ್ತದೆ. ಎರಡನೆಯದು, ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಂಕಿನವರು ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿಕೊಂಡು ಬರುತ್ತಾರೆ. ಅದು ಬರೀ ಲೆಕ್ಕದ ಕಾಗದವಲ್ಲ. ಆ ಸಹಿಯಿಂದ, ದಾವೆ ಹೂಡಲು ಬ್ಯಾಂಕಿಗಿರುವ ಮೂರು ವರ್ಷದ ಕಾಲಮಿತಿ ಮತ್ತೆ ಹೊಸದಾಗಿ ಶುರುವಾಗುತ್ತದೆ. ಹಾಕುವ ಮೊದಲು ಖಾತೆಯ ಪೂರ್ತಿ ವಿವರ ಕೇಳಿ ಪಡೆಯಿರಿ. ಕಂತಿಗೆ ಸಹಾಯ ಮಾಡುವುದಾದರೆ ಹಣವನ್ನು ಸಂಬಂಧಿಕರ ಕೈಗೆ ಕೊಡದೆ ಸಾಲದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಇನ್ನು ಬೇಡವೆನ್ನುವ ವಿಷಯ. ಇದರಲ್ಲಿ ಅತಿ ಹೆಚ್ಚು ಹಾನಿ ಮಾಡುವ ಮಾತು "ನೋಡೋಣ" ಎಂಬುದು ಎಂದು ನನ್ನ ಅಭಿಪ್ರಾಯ. ನಮ್ಮ ಮನಸ್ಸಿನಲ್ಲಿ ಅದು ನಯವಾದ ನಿರಾಕರಣೆ. ಕೇಳಿದವರ ಕಿವಿಗೆ ಅದು ಮುಕ್ಕಾಲು ಒಪ್ಪಿಗೆ. ಅವರು ಅರ್ಜಿ ಹಾಕುತ್ತಾರೆ, ಗಾರೆಯವರಿಗೆ ಮುಂಗಡ ಕೊಡುತ್ತಾರೆ, ನಮ್ಮ ಹೆಸರನ್ನು ಬ್ಯಾಂಕಿನಲ್ಲಿ ಬರೆಸುತ್ತಾರೆ. ಸಹಿಯ ದಿನ ನಾವು ಹಿಂದೆ ಸರಿದರೆ, ಅದು ಬೇಡವೆಂದದ್ದಾಗಿ ಉಳಿಯುವುದಿಲ್ಲ, ಕೈಕೊಟ್ಟದ್ದಾಗುತ್ತದೆ. ಸಂಬಂಧ ಕೆಡುವುದು ಬಹಳ ಸಲ ಈ ತಡದಿಂದ. ಬೇಡವೆನ್ನುವುದಾದರೆ ಕೇಳಿದ ದಿನವೇ, ಹೆಚ್ಚೆಂದರೆ ಮರುದಿನ, ಅವರ ಮನೆಗೆ ಹೋಗಿ ಹೇಳಬೇಕು.

ಹೆಂಡತಿಯ ಮೇಲೋ ಗಂಡನ ಮೇಲೋ ಹಾಕಿ ತಪ್ಪಿಸಿಕೊಳ್ಳುವುದು ಇನ್ನೊಂದು ರೂಢಿ. "ನಾನು ಹಾಕುತ್ತಿದ್ದೆ, ಮನೆಯಲ್ಲಿ ಒಪ್ಪುತ್ತಿಲ್ಲ" ಎಂದರೆ ನಮ್ಮ ಮುಖ ಉಳಿಯುತ್ತದೆ, ಆದರೆ ಮುನಿಸು ಆ ಹೆಣ್ಣುಮಗಳ ಮೇಲೆ ವರ್ಷಗಟ್ಟಲೆ ಕೂರುತ್ತದೆ. ಹೊರಗಿನಿಂದ ಬಂದವಳು ಅಣ್ಣತಮ್ಮಂದಿರನ್ನು ಅಗಲಿಸಿದಳು ಎಂಬ ಮಾತು ಹುಟ್ಟುವುದು ಹೀಗೆಯೇ. ಬ್ಯಾಂಕಿನಲ್ಲಿ ನನ್ನ ಹೆಸರು ಆಗುವುದಿಲ್ಲವಂತೆ ಎಂಬ ಸುಳ್ಳೂ ನಿಲ್ಲುವುದಿಲ್ಲ, ಏಕೆಂದರೆ ವ್ಯವಸ್ಥಾಪಕರು ಆಗುತ್ತದೆ ಎಂದುಬಿಟ್ಟರೆ ಎರಡನೇ ಸಲ ಬೇಡವೆನ್ನಲು ಬಾಯಿ ಇರುವುದಿಲ್ಲ.

ಅದೇ ಮೇಷ್ಟ್ರ ಬಳಿ ಮತ್ತೊಂದು ವರ್ಷ ಸೆಪ್ಟೆಂಬರಿನಲ್ಲಿ ಅವರ ಚಿಕ್ಕಪ್ಪನ ಮಗ ಬಂದ. ₹9 ಲಕ್ಷದ ಪಿಕಪ್ ಗಾಡಿಗೆ ₹7.5 ಲಕ್ಷ ಸಾಲ, ಒಬ್ಬ ಜಾಮೀನುದಾರ ಬೇಕು. "ಅಣ್ಣ, ಗಾಡಿಯೇ ಬ್ಯಾಂಕಿನ ಹೆಸರಿನಲ್ಲಿರುತ್ತದೆ, ನಿಮಗೇನೂ ತೊಂದರೆ ಇಲ್ಲ" ಎಂದ. ಮೇಷ್ಟ್ರು ಒಳಗಿನಿಂದ ತಮ್ಮ ಸಂಬಳದ ಚೀಟಿ ತಂದು ಮೇಜಿನ ಮೇಲಿಟ್ಟರು. ಹಿಂದಿನ ಜಾಮೀನಿನ ಹಣ ತೀರಿಸಲು ಸಂಘದಲ್ಲಿ ಎತ್ತಿದ ಸಾಲದ ಕಡಿತ ಅದರಲ್ಲಿ ಕಾಣುತ್ತಿತ್ತು. "ನೋಡು ತಮ್ಮಾ, ನಿನ್ನ ಮೇಲೆ ನಂಬಿಕೆ ಇಲ್ಲವೆಂದಲ್ಲ. ನೀನು ಕಟ್ಟಲಾಗದ ದಿನ ಬಂದರೆ ನನ್ನ ಕೈಯಲ್ಲೂ ಕಟ್ಟಲಾಗದು. ಕಟ್ಟಲಾಗದವನು ಜಾಮೀನು ಹಾಕಬಾರದು. ಇನ್ನು ಮುಂದೆ ಯಾರಿಗೂ ಹಾಕುವುದಿಲ್ಲವೆಂದು ನಾನೂ ನಿನ್ನ ಅತ್ತಿಗೆಯೂ ಸೇರಿ ತೀರ್ಮಾನ ಮಾಡಿದ್ದೇವೆ, ಅದು ನನ್ನದೇ ತೀರ್ಮಾನ ಎಂದು ತಿಳಿ" ಎಂದರು. ಈ ಮಾತಿನಲ್ಲಿ ಅವನ ಯೋಗ್ಯತೆಯ ಬಗ್ಗೆ ಒಂದು ಶಬ್ದವೂ ಇಲ್ಲ ಎಂಬುದನ್ನು ಗಮನಿಸಬೇಕು. ಚರ್ಚೆ ಅವನ ಪ್ರಾಮಾಣಿಕತೆಯ ಕಡೆ ತಿರುಗಿದರೆ ಅವನು ಪ್ರಮಾಣ ಮಾಡಿ ಗೆಲ್ಲುತ್ತಾನೆ. ನಮ್ಮ ಶಕ್ತಿಯ ಲೆಕ್ಕಕ್ಕೆ ಎದುರು ವಾದವಿಲ್ಲ.

ಅವರು ಅಷ್ಟಕ್ಕೇ ಬಿಡಲಿಲ್ಲ. ಮರಳಿ ಬಾರದಿದ್ದರೂ ಸಹಿಸಬಹುದಾದ ಮೊತ್ತ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿದ್ದರು: ₹40,000. ಅದನ್ನು ಕೈಸಾಲವೆಂದು ಕೊಟ್ಟು, ಮನಸ್ಸಿನಲ್ಲಿ ಕೊಟ್ಟುಬಿಟ್ಟೆ ಎಂದೇ ಬರೆದುಕೊಂಡರು. ಜಾಮೀನಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಇಲ್ಲಿ ನಷ್ಟಕ್ಕೆ ಮೇಲ್ಮಿತಿ ಇದೆ, ಅದು ಮೊದಲ ದಿನವೇ ಗೊತ್ತಿದೆ. ಆಮೇಲೆ ಅವನ ಜೊತೆ ಬ್ಯಾಂಕಿಗೆ ಹೋಗಿ, ಜಾಮೀನಿಲ್ಲದೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಈ ಪ್ರಶ್ನೆಯನ್ನು ಬಹುಪಾಲು ಸಾಲಗಾರರು ಕೇಳುವುದೇ ಇಲ್ಲ. ಸಣ್ಣ ಉದ್ದಿಮೆಗಳಿಗೆ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿ ಇದೆ. ಬ್ಯಾಂಕು ಸಾಲವನ್ನು ಅದರಡಿ ತಂದರೆ, ಒಂದು ಶುಲ್ಕಕ್ಕೆ ಪ್ರತಿಯಾಗಿ, ಮೂರನೆಯವರ ಜಾಮೀನಿಲ್ಲದೆ ಸಾಲ ಕೊಡಬಹುದು. ಮುದ್ರಾ ಸಾಲಕ್ಕೂ ಅಂಥ ಜಾಮೀನು ಬೇಕಿಲ್ಲ. ಭಾವನ ಹೋಂಸ್ಟೇ ಸಾಲಕ್ಕೂ ಈ ದಾರಿಯನ್ನು ವಿಚಾರಿಸಬಹುದಿತ್ತು, ಆಗ ಯಾರಿಗೂ ಹೊಳೆಯಲಿಲ್ಲ. ಇವನ ವಿಷಯದಲ್ಲಿ ಬ್ಯಾಂಕು ಜಾಮೀನು ಬಿಟ್ಟು, ಸಾಲವನ್ನು ₹6.5 ಲಕ್ಷಕ್ಕೆ ಇಳಿಸಿತು. ಕಡಿಮೆಯಾದ ಒಂದು ಲಕ್ಷದಲ್ಲಿ ಮೇಷ್ಟ್ರ ನಲವತ್ತು ಸಾವಿರ ಹೋಗಿ, ಉಳಿದದ್ದಕ್ಕೆ ಅವನು ಚಿನ್ನ ಅಡವಿಟ್ಟ. ಕಂತು ಚಿಕ್ಕದಾಯಿತು.

ತೀರಾ ಬೇಡವೆನ್ನಲು ಆಗದ ಸಂದರ್ಭಗಳೂ ಇರುತ್ತವೆ. ಒಡಹುಟ್ಟಿದವರ ಚಿಕಿತ್ಸೆಗೆ ಸಾಲ ಬೇಕಾದಾಗ ಲೆಕ್ಕ ಹಾಕುತ್ತ ಕೂರಲು ಸಾಧ್ಯವಿಲ್ಲ. ಆಗಲೂ 128ನೇ ಕಲಮು ಒಂದು ಕಿಂಡಿ ಬಿಟ್ಟಿದೆ: ಕರಾರಿನಲ್ಲಿ ಬೇರೆ ರೀತಿ ಬರೆದರೆ ಹೊಣೆಗೆ ಮಿತಿ ಹಾಕಬಹುದು. "ನನ್ನ ಹೊಣೆ ಎಲ್ಲ ಸೇರಿ ₹2 ಲಕ್ಷ ಮೀರತಕ್ಕದ್ದಲ್ಲ" ಎಂಬ ಸಾಲನ್ನು ಪತ್ರದಲ್ಲೇ ಸೇರಿಸಲು ಕೇಳಬಹುದು. ಅಚ್ಚಾದ ನಮೂನೆಯನ್ನು ಬದಲಿಸಲು ಶಾಖೆಯವರು ಸುಲಭವಾಗಿ ಒಪ್ಪುವುದಿಲ್ಲ. ಒಪ್ಪದಿದ್ದರೆ, ಅಷ್ಟೇ ಮೊತ್ತದ ಠೇವಣಿಯೊಂದನ್ನು ಇಟ್ಟು ಅದನ್ನು ಮಾತ್ರ ಭದ್ರತೆಯಾಗಿ ಕೊಡುವುದು ಇನ್ನೊಂದು ದಾರಿ. ಜೊತೆಗೆ ಜಾಮೀನು ಪತ್ರಕ್ಕೆ ಸಹಿ ಹಾಕದಂತೆ ಎಚ್ಚರ ವಹಿಸಬೇಕು. ಓವರ್‌ಡ್ರಾಫ್ಟ್‌ನಂಥ ವರ್ಷವರ್ಷವೂ ನವೀಕರಿಸುವ ಸಾಲಕ್ಕೆ ಮಾತ್ರ ನಾನು ಯಾವ ಸಂದರ್ಭದಲ್ಲೂ ಜಾಮೀನು ಹಾಕಬೇಡಿ ಎನ್ನುತ್ತೇನೆ. ಅಲ್ಲಿ ಒಮ್ಮೆ ಹಾಕಿದ ಸಹಿ, ನಾವು ಮರೆತ ಮೇಲೂ, ಹೊಸ ಹೊಸ ಬಾಕಿಗೆ ನಡೆಯುತ್ತಿರುತ್ತದೆ. ಮುಂದಿನ ವ್ಯವಹಾರಕ್ಕೆ ನನ್ನ ಜಾಮೀನು ಇಲ್ಲವೆಂದು ನೋಟೀಸು ಕೊಟ್ಟು ಹಿಂಪಡೆಯಲು ಕಾಯ್ದೆಯಲ್ಲಿ ಅವಕಾಶವಿದ್ದರೂ, ಆ ಹಕ್ಕನ್ನು ಬಿಟ್ಟುಕೊಡುವ ಷರತ್ತು ಹಾಳೆಗಳಲ್ಲಿ ಅಚ್ಚಾಗಿರಬಹುದು.

ಚಿಕ್ಕಪ್ಪನ ಮಗ ಆ ದಿನ ಕಾಫಿ ಕುಡಿಯದೆ ಎದ್ದು ಹೋಗಿದ್ದ. ಬ್ಯಾಂಕಿಗೆ ಜೊತೆಗೆ ಬಂದನಾದರೂ ಮಾತು ಕಡಿಮೆ. ಎರಡು ತಿಂಗಳು ಅವನ ಕಡೆಯಿಂದ ಫೋನು ಇರಲಿಲ್ಲ. ಮೇಷ್ಟ್ರು ಅದನ್ನು ಎತ್ತಿ ಆಡಲಿಲ್ಲ, ಮತ್ತೆ ಸಮಜಾಯಿಷಿ ಕೊಡಲೂ ಹೋಗಲಿಲ್ಲ. ಚಿಕ್ಕಮ್ಮನಿಗೆ ಜ್ವರ ಬಂದಾಗ ಎಂದಿನಂತೆ ನೋಡಿಕೊಂಡು ಬಂದರು. ಹುತ್ತರಿಗೆ ಅವರ ಮನೆಗೆ ಹೋದಾಗ ಅಂಗಳದಲ್ಲಿ ಹೊಸ ಪಿಕಪ್ ನಿಂತಿತ್ತು. ಅವನು ಒಳಗಿನಿಂದ ಬಂದು, "ಅಣ್ಣ, ಮೂರು ಕಂತು ಆಯಿತು" ಎಂದ.